ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಮಗುವಿಗೆ ಕಿರುಕುಳ: ಪೋಷಕರು ಕಾಪಾಡಿಟ್ಟುಕೊಳ್ಳಬೇಕಾದದ್ದು, ಶಾಲೆಗೆ ತೋರಿಸಬೇಕಾದದ್ದು

ಮಗುವಿನ ಫೋನಿನಲ್ಲಿ ಅವಮಾನದ ಸಂದೇಶಗಳನ್ನು ಕಂಡ ಪೋಷಕರು ಸಾಮಾನ್ಯವಾಗಿ ಅತ್ಯಂತ ಕೆಟ್ಟದ್ದೆನಿಸಿದ ಎರಡು ಮೂರು ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಮರುದಿನ ಬೆಳಿಗ್ಗೆಯೇ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುತ್ತಾರೆ. ಆ ಕೋಣೆಯಲ್ಲಿ ಮೇಜಿನ ಆಚೆ ಬದಿಯಿಂದ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಇದನ್ನು ಬರೆದದ್ದು ನಮ್ಮ ವಿದ್ಯಾರ್ಥಿಯೇ ಎನ್ನುವುದಕ್ಕೆ ಏನು ಆಧಾರ, ಇದರ ಹಿಂದೆ ಮುಂದೆ ಏನು ನಡೆದಿತ್ತು, ನಿಮ್ಮ ಮಗು ಏನು ಬರೆದಿತ್ತು, ಇದು ಶಾಲೆಗೆ ಹೇಗೆ ಸಂಬಂಧಿಸುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಮೂರು ಸ್ಕ್ರೀನ್‌ಶಾಟ್‌ಗಳಲ್ಲಿ ಉತ್ತರ ಇರುವುದಿಲ್ಲ. ಉತ್ತರ ಫೋನಿನಲ್ಲಿ ಇರುತ್ತದೆ, ಆದರೆ ಬಹಳ ದಿನ ಇರುವುದಿಲ್ಲ. ಅದನ್ನು ಯಾವ ಕ್ರಮದಲ್ಲಿ ಉಳಿಸಿಕೊಂಡು, ಯಾವ ರೂಪದಲ್ಲಿ ಶಾಲೆಯ ಮುಂದೆ ಇಡಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ವಿವರಿಸಲು ಅನುಕೂಲವಾಗಲೆಂದು ಒಂದು ಕಲ್ಪಿತ ಸಂದರ್ಭವನ್ನು ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರ ಅನುದಾನಿತ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿರುವ ಹುಡುಗಿ, ಸ್ವಾತಂತ್ರ್ಯ ದಿನಾಚರಣೆಯ ಪಥಸಂಚಲನದ ಅಭ್ಯಾಸದಲ್ಲಿ ಎಡವಿ ಬೀಳುತ್ತಾಳೆ. ಮೈದಾನದಲ್ಲಿ ಯಾರೋ ಫೋಟೊ ತೆಗೆದಿರುತ್ತಾರೆ. ಅಂದು ರಾತ್ರಿಯೇ ಆ ಫೋಟೊ ಸ್ಟಿಕ್ಕರ್ ಆಗಿ, ಮಕ್ಕಳೇ ಮಾಡಿಕೊಂಡಿದ್ದ ‘8ಬಿ ಗಣಿತ ಡೌಟ್ಸ್’ ಎಂಬ ಗುಂಪಿಗೆ ಬರುತ್ತದೆ. ಮರುದಿನ ಅವಳಿಗೊಂದು ಅಡ್ಡಹೆಸರು ಅಂಟುತ್ತದೆ, ಅವಳೂ ಸಿಟ್ಟಿನಲ್ಲಿ ಒಂದು ಬೈಗುಳ ಬರೆಯುತ್ತಾಳೆ. ಅದರ ಮರುದಿನ ಆ ಅಡ್ಡಹೆಸರು ತರಗತಿಯ ಕಪ್ಪುಹಲಗೆಯ ಮೇಲೆ ಕಾಣಿಸುತ್ತದೆ. ಆಗಸ್ಟ್ 14ರ ರಾತ್ರಿ ಒಬ್ಬ ಹುಡುಗ ‘ನಾಳೆ ಬಾ, ಗೊತ್ತಾಗುತ್ತೆ’ ಎಂದು ಬರೆದು, ಸ್ವಲ್ಪ ಹೊತ್ತಿಗೆ ಅಳಿಸುತ್ತಾನೆ. 15ರಂದು ಹುಡುಗಿ ಹೊಟ್ಟೆನೋವೆಂದು ಧ್ವಜಾರೋಹಣಕ್ಕೆ ಹೋಗುವುದಿಲ್ಲ. ಆ ಸಂಜೆ ತಾಯಿಗೆ ವಿಷಯ ತಿಳಿಯುತ್ತದೆ.

ಮೊದಲ ಅರ್ಧ ಗಂಟೆ: ಏನನ್ನೂ ಬದಲಿಸದಿರುವುದು

ಮೊದಲ ಕೆಲಸ ಫೋನನ್ನು ಇರುವಂತೆಯೇ ಇಡುವುದು. ಮಗುವನ್ನು ಆ ಗುಂಪಿನಿಂದ ಹೊರತರಬೇಕು, ಆ ಹುಡುಗನನ್ನು ಬ್ಲಾಕ್ ಮಾಡಬೇಕು, ಎಲ್ಲವನ್ನೂ ಅಳಿಸಿಬಿಡಬೇಕು ಎಂದು ತಾಯಿಗೆ ಅನ್ನಿಸುವುದು ಸಹಜ. ಇವುಗಳಲ್ಲಿ ಮೊದಲ ಎರಡನ್ನು ಮುಂದೆ ಮಾಡಬಹುದು, ಮೂರನೆಯದನ್ನು ಮಾಡಲೇಬಾರದು. ವಾಟ್ಸ್ಯಾಪ್‌ನಲ್ಲಿ ರಿಪೋರ್ಟ್ ಅಥವಾ ಬ್ಲಾಕ್ ಮಾಡುವಾಗ, ಅದರೊಂದಿಗೆ ಇಡೀ ಸಂಭಾಷಣೆಯನ್ನು ಅಳಿಸುವ ಆಯ್ಕೆಯೂ ಅದೇ ಪರದೆಯಲ್ಲಿ ಬರಬಹುದು. ಆತುರದಲ್ಲಿ ಅದನ್ನು ಗಮನಿಸದೆ ಒತ್ತಿ, ಇದ್ದ ಒಂದೇ ಪುರಾವೆಯನ್ನು ತಾವೇ ಕಳೆದುಕೊಂಡ ಪೋಷಕರು ಕಡಿಮೆಯೇನಿಲ್ಲ. ಆದ್ದರಿಂದ ಪ್ರತಿಗಳನ್ನು ತೆಗೆದಿಟ್ಟುಕೊಂಡ ನಂತರವೇ ಬ್ಲಾಕ್, ರಿಪೋರ್ಟ್ ಮತ್ತು ಗುಂಪಿನಿಂದ ಹೊರಬರುವ ಕೆಲಸ. ಅಲ್ಲಿಯವರೆಗೆ ಗುಂಪನ್ನು ಮ್ಯೂಟ್ ಮಾಡಿ, ಫೋನನ್ನು ತಾಯಿಯೇ ಇಟ್ಟುಕೊಂಡರೆ ಸಾಕು.

ಮಗುವಿನ ಹೆಸರಿನಲ್ಲಿ ಪೋಷಕರು ಉತ್ತರ ಬರೆಯಲೂಬಾರದು. ಬರೆದರೆ, ನಂತರ ಆ ಸಂಭಾಷಣೆಯಲ್ಲಿ ಯಾವ ಮಾತು ಮಗುವಿನದು, ಯಾವುದು ದೊಡ್ಡವರದು ಎಂದು ಬೇರ್ಪಡಿಸುವುದೇ ಒಂದು ವಿವಾದವಾಗುತ್ತದೆ.

ಸಮಯದ ಲೆಕ್ಕವನ್ನೂ ತಿಳಿದಿರಬೇಕು. ವಾಟ್ಸ್ಯಾಪ್‌ನಲ್ಲಿ ಕಳುಹಿಸಿದವರು ತಮ್ಮ ಸಂದೇಶವನ್ನು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲದವರೆಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಗುಂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ಅಳಿಸಬಹುದು. ಸ್ಟೇಟಸ್ 24 ಗಂಟೆಗಳಲ್ಲಿ ಮಾಯವಾಗುತ್ತದೆ. ತಾನಾಗಿ ಅಳಿಯುವ ಸಂದೇಶಗಳ ವ್ಯವಸ್ಥೆಯನ್ನು ಗುಂಪಿನಲ್ಲಿ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಗಳ ನಂತರ ಎಲ್ಲವೂ ಹೋಗುತ್ತದೆ. ಹೀಗಾಗಿ ‘ಶಾಲೆಯವರ ಹತ್ತಿರ ಮಾತಾಡಿದ ಮೇಲೆ ನೋಡೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಶಾಲೆಯಿಂದ ಒಂದು ಕರೆ ಹೋದ ಕೂಡಲೇ ಆ ಮನೆಯಲ್ಲಿ ಮೊದಲು ನಡೆಯುವುದು ಅಳಿಸುವ ಕೆಲಸವೇ. ಮೊದಲು ಪ್ರತಿ, ಆಮೇಲೆ ದೂರು.

ಮೂರು ಬಗೆಯ ಪ್ರತಿ, ಮತ್ತು ಒಂದೊಂದರಲ್ಲೂ ಇಲ್ಲದಿರುವುದು

ಮೊದಲನೆಯದು ಸ್ಕ್ರೀನ್‌ಶಾಟ್. ಇದನ್ನು ಎಲ್ಲರೂ ಬಲ್ಲರು, ಆದರೆ ಸರಿಯಾಗಿ ತೆಗೆಯುವವರು ಕಡಿಮೆ. ಸಂದೇಶದ ಪಕ್ಕದಲ್ಲಿ ಗಂಟೆ ಮಾತ್ರ ಇರುತ್ತದೆ, ದಿನಾಂಕ ಇರುವುದಿಲ್ಲ. ಪರದೆಯನ್ನು ನಿಧಾನವಾಗಿ ಸರಿಸಿದಾಗ ಮೇಲೆ ಪುಟ್ಟ ಪಟ್ಟಿಯಲ್ಲಿ ದಿನಾಂಕ ಕಾಣಿಸುತ್ತದೆ, ಆ ಕ್ಷಣದಲ್ಲಿ ಚಿತ್ರ ತೆಗೆಯಬೇಕು. ಆ ಪಟ್ಟಿಯಲ್ಲಿ ‘ಇಂದು’, ‘ನಿನ್ನೆ’ ಎಂದಿದ್ದರೆ, ಅಲ್ಲಿ ದಿನಾಂಕವೇ ಕಾಣುವಷ್ಟು ದಿನ ಕಳೆದ ಮೇಲೆ ಅದೇ ಜಾಗದ ಚಿತ್ರವನ್ನು ಮತ್ತೊಮ್ಮೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಚಿತ್ರದ ಕೊನೆಯ ಸಂದೇಶವೇ ಮುಂದಿನ ಚಿತ್ರದ ಮೊದಲ ಸಂದೇಶವಾಗಿರುವಂತೆ ತೆಗೆಯುತ್ತಾ ಹೋದರೆ, ನಡುವೆ ಏನನ್ನೋ ಬಿಟ್ಟಿದ್ದಾರೆ ಎಂಬ ಆಕ್ಷೇಪಕ್ಕೆ ಆಸ್ಪದವಿರುವುದಿಲ್ಲ.

ಇಲ್ಲಿ ಬಹುಮಂದಿ ಎಡವುವ ಒಂದು ಸಂಗತಿಯಿದೆ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ಹೆಸರು, ನಿಮ್ಮ ಮಗು ಆ ಸಂಖ್ಯೆಯನ್ನು ಯಾವ ಹೆಸರಿನಲ್ಲಿ ಉಳಿಸಿಕೊಂಡಿದೆಯೋ ಆ ಹೆಸರು. ಯಾವ ಸಂಖ್ಯೆಗೆ ಯಾವ ಹೆಸರನ್ನು ಬೇಕಾದರೂ ಇಡಬಹುದಾದ್ದರಿಂದ, ಹೆಸರು ಮಾತ್ರ ಇರುವ ಚಿತ್ರ ಏನನ್ನೂ ಸಿದ್ಧಪಡಿಸುವುದಿಲ್ಲ. ಸಂದೇಶ ಬರೆದ ಪ್ರತಿಯೊಬ್ಬರ ಹೆಸರನ್ನು ಒತ್ತಿ, ಅವರ ಫೋನ್ ಸಂಖ್ಯೆ ಕಾಣುವ ಪುಟದ ಚಿತ್ರವನ್ನೂ ತೆಗೆಯಬೇಕು. ಗುಂಪಿನ ಮಾಹಿತಿ ಪುಟದ ಚಿತ್ರವೂ ಬೇಕು. ಗುಂಪಿನ ಹೆಸರು, ಅಡ್ಮಿನ್‌ಗಳು ಯಾರು, ಸದಸ್ಯರು ಯಾರು ಎಂಬುದು ಅಲ್ಲಿರುತ್ತದೆ, ಮತ್ತು ವಿಷಯ ಹೊರಬಿದ್ದ ಮರುದಿನವೇ ಆ ಪಟ್ಟಿ ಬದಲಾಗುತ್ತದೆ.

ಎರಡನೆಯದು ಪರದೆಯ ವಿಡಿಯೊ. ಈಗಿನ ಫೋನುಗಳಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಸೌಲಭ್ಯವಿದೆ. ಗುಂಪಿನ ಮಾಹಿತಿ ಪುಟದಿಂದ ಆರಂಭಿಸಿ, ಸಂಭಾಷಣೆಯನ್ನು ಮೊದಲ ಸ್ಟಿಕ್ಕರ್ ಬಂದ ದಿನದಿಂದ ಕೊನೆಯವರೆಗೆ, ಓದಲು ಬರುವಷ್ಟು ನಿಧಾನವಾಗಿ, ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಬಿಡಿ ಚಿತ್ರಗಳನ್ನು ಜೋಡಿಸಿದ್ದಾರೆ ಎಂಬ ಅನುಮಾನಕ್ಕೆ ಇದಕ್ಕಿಂತ ಸುಲಭವಾದ ಉತ್ತರವಿಲ್ಲ.

ಮೂರನೆಯದು ಸಂಭಾಷಣೆಯ ಪೂರ್ಣ ಪಠ್ಯ. ಆಂಡ್ರಾಯ್ಡ್ ಫೋನಿನಲ್ಲಿ ಆ ಗುಂಪನ್ನು ತೆರೆದು, ಬಲ ಮೂಲೆಯ ಮೂರು ಚುಕ್ಕೆ, ನಂತರ `More`, ನಂತರ `Export chat` ಒತ್ತಬೇಕು. ಐಫೋನಿನಲ್ಲಿ ಗುಂಪಿನ ಹೆಸರನ್ನು ಒತ್ತಿ ಕೆಳಗೆ ಹೋದರೆ `Export Chat` ಸಿಗುತ್ತದೆ. ಚಿತ್ರಗಳೊಂದಿಗೆ ಅಥವಾ ಚಿತ್ರಗಳಿಲ್ಲದೆ ಎಂಬ ಆಯ್ಕೆ ಬರುತ್ತದೆ. ಚಿತ್ರಗಳೊಂದಿಗೆ ತೆಗೆದು, ಅದನ್ನು ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಳ್ಳಬಹುದು. ಸಿಗುವ ಕಡತದಲ್ಲಿ ಪ್ರತಿ ಸಾಲಿಗೂ ದಿನಾಂಕ ಮತ್ತು ಸಮಯ ಇರುತ್ತದೆ. ನೋಡಲು ಹೀಗಿರುತ್ತದೆ:

```
14/08/25, 9:44 pm - ಚಿಂಟು: ಡ್ರಿಲ್ ರಾಣಿ ಎಲ್ಲಿ?
14/08/25, 9:47 pm - ಚಿಂಟು: This message was deleted
14/08/25, 9:49 pm - ಗೆಳತಿ: ಹೀಗೆಲ್ಲ ಹೆದರಿಸಬೇಡ
```

ಮೇಲಿನ ಮೂರು ಸಾಲುಗಳನ್ನು ಸ್ವಲ್ಪ ಗಮನಿಸಿ. ಎರಡನೆಯ ಸಾಲಿನಲ್ಲಿ ಬೆದರಿಕೆ ಇತ್ತು, ಅದನ್ನು ಅಳಿಸಲಾಗಿದೆ. ಆದರೆ ಗೆಳತಿ ಆ ಸಂದೇಶವನ್ನೇ ಉಲ್ಲೇಖಿಸಿ ಉತ್ತರ ಕೊಟ್ಟಿದ್ದಳು. ಹಾಗೆ ಉಲ್ಲೇಖವಾದ ಪಠ್ಯ, ಮೂಲ ಸಂದೇಶವನ್ನು ಅಳಿಸಿದ ಮೇಲೂ ಉತ್ತರದ ಮೇಲ್ಭಾಗದ ಪೆಟ್ಟಿಗೆಯಲ್ಲಿ ಹಲವು ಬಾರಿ ಉಳಿದಿರುತ್ತದೆ. ಪಠ್ಯ ಕಡತದಲ್ಲಿ ಆ ಪೆಟ್ಟಿಗೆ ಬರುವುದಿಲ್ಲ, ಸ್ಕ್ರೀನ್‌ಶಾಟ್‌ನಲ್ಲಿ ಬರುತ್ತದೆ. ಅದೇ ರೀತಿ ಒಂದು ಸ್ಟಿಕ್ಕರ್‌ಗೆ ಹನ್ನೊಂದು ಮಂದಿ ನಗುವ ಇಮೋಜಿ ಒತ್ತಿದ್ದರೆ, ಆ ಸಂಗತಿಯೂ ಪಠ್ಯ ಕಡತದಲ್ಲಿ ಇರುವುದಿಲ್ಲ. ಮತ್ತೊಂದೆಡೆ, ಯಾವ ದಿನ ಎಷ್ಟು ಸಲ ಆ ಅಡ್ಡಹೆಸರು ಬಂತು ಎಂದು ಎಣಿಸಲು ಪಠ್ಯ ಕಡತದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಮೂರು ಬಗೆಯ ಪ್ರತಿಯೂ ಏಕೆ ಬೇಕು ಎಂಬುದಕ್ಕೆ ಕಾರಣ ಇದೇ. ಗುಂಪಿನಲ್ಲಿ `Advanced chat privacy` ಎಂಬ ಆಯ್ಕೆಯನ್ನು ಹಾಕಿದ್ದರೆ ಪಠ್ಯವನ್ನು ಹೊರತೆಗೆಯಲು ಬರುವುದಿಲ್ಲ. ಆಗ ಉಳಿದ ಎರಡನ್ನೇ ಹೆಚ್ಚು ಶ್ರದ್ಧೆಯಿಂದ ಮಾಡಬೇಕು. ಒಮ್ಮೆ ಮಾತ್ರ ನೋಡಬಹುದಾದ ಚಿತ್ರಕ್ಕೆ ಸ್ಕ್ರೀನ್‌ಶಾಟ್ ತೆಗೆಯಲು ವಾಟ್ಸ್ಯಾಪ್ ಬಿಡುವುದಿಲ್ಲವಾದ್ದರಿಂದ, ಅದನ್ನು ತೆರೆಯುವ ಮೊದಲೇ ಇನ್ನೊಂದು ಫೋನಿನ ಕ್ಯಾಮೆರಾವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಇನ್‌ಸ್ಟಾಗ್ರಾಮ್‌ನ ಮಾಯವಾಗುವ ಸಂದೇಶಗಳು ಮತ್ತು ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದದ್ದು ಎದುರಿನವರಿಗೆ ತಿಳಿಯುತ್ತದೆ. ಅಲ್ಲಿಯೂ ಎರಡನೆಯ ಫೋನೇ ಸೂಕ್ತ.

ತೆಗೆದ ಪ್ರತಿಗಳನ್ನು ವಾಟ್ಸ್ಯಾಪ್ ಮೂಲಕ ಚಿತ್ರಗಳಾಗಿ ಸಾಗಿಸಬೇಡಿ. ಹಾಗೆ ಕಳುಹಿಸಿದಾಗ ಚಿತ್ರದ ಗಾತ್ರ ಕುಗ್ಗುತ್ತದೆ, ಮೂಲ ಕಡತದ ಹೆಸರಿನಲ್ಲಿದ್ದ ದಿನಾಂಕ ಸಮಯವೂ ಹೋಗುತ್ತದೆ. ಕೇಬಲ್ ಮೂಲಕ ಕಂಪ್ಯೂಟರ್‌ಗೆ ಅಥವಾ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಇಲ್ಲವೇ ಡಾಕ್ಯುಮೆಂಟ್ ರೂಪದಲ್ಲಿ ಇಮೇಲ್ ಮಾಡಿಕೊಳ್ಳಿ. ಮೂಲ ಪ್ರತಿಯ ಮೇಲೆ ಗೆರೆ ಎಳೆಯುವುದು, ವೃತ್ತ ಹಾಕುವುದು, ಕತ್ತರಿಸುವುದು ಬೇಡ. ಗುರುತು ಹಾಕಬೇಕಿದ್ದರೆ ಇನ್ನೊಂದು ಪ್ರತಿಯ ಮೇಲೆ ಹಾಕಿ. ಇಷ್ಟಾದ ಮೇಲೂ ನಿಜವಾದ ಮೂಲವೆಂದರೆ ಫೋನಿನೊಳಗಿನ ಆ ಸಂಭಾಷಣೆಯೇ. ವಿಷಯ ಪೊಲೀಸ್ ಠಾಣೆ ಅಥವಾ ನ್ಯಾಯಾಲಯದವರೆಗೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಶಾಲೆಗೆ ಅದರ ಅಗತ್ಯವಿಲ್ಲ, ಆದರೆ ಆ ದಾರಿ ತೆರೆದಿರಬೇಕಾದರೆ ಫೋನು ಉಳಿದಿರಬೇಕು.

ಅಳಿಸಿಹೋದದ್ದು

ಬೆದರಿಕೆಯ ಸಂದೇಶ ಎಲ್ಲಿಯೂ ಉಲ್ಲೇಖವಾಗಿರಲಿಲ್ಲ ಎಂದಿಟ್ಟುಕೊಳ್ಳಿ. ಆಗಲೂ ‘ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲಿಗೆ ಬೆಲೆಯಿದೆ, ಅದು ಯಾರು ಯಾವ ಹೊತ್ತಿಗೆ ಬರೆದದ್ದನ್ನು ತೆಗೆಯಲಾಯಿತು ಎಂಬುದನ್ನು ತೋರಿಸುತ್ತದೆ. ಆಂಡ್ರಾಯ್ಡ್ 11 ಮತ್ತು ನಂತರದ ಫೋನುಗಳಲ್ಲಿ `Notification history` ಎಂಬ ಸೌಲಭ್ಯವನ್ನು ಮೊದಲೇ ಚಾಲೂ ಇಟ್ಟಿದ್ದರೆ, ಕಳೆದ 24 ಗಂಟೆಗಳಲ್ಲಿ ಬಂದ ಸೂಚನೆಗಳ ಪಠ್ಯ ಅಲ್ಲಿ ಸಿಗಬಹುದು. ಇದಲ್ಲದೆ ಆ ಸಂದೇಶವನ್ನು ಓದಿದ ಮಗು ತನಗೆ ನೆನಪಿರುವ ಮಾತುಗಳನ್ನು ಅಂದೇ ತನ್ನ ಕೈಬರಹದಲ್ಲಿ ದಿನಾಂಕದೊಂದಿಗೆ ಬರೆದಿಡುವುದು ಉಪಯುಕ್ತ. ತಾಯಿ ಹೇಳಿಕೊಟ್ಟು ಬರೆಸಬಾರದು, ಭಾಷೆ ತಿದ್ದಲೂಬಾರದು. ಗೆಳತಿಯ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇದೆಯೆಂದು ತಿಳಿದರೆ, ಅವಳ ಪೋಷಕರೊಂದಿಗೆ ಮಾತನಾಡಿ, ಅದನ್ನು ಅಲ್ಲಿಯೇ ಉಳಿಸಿಟ್ಟುಕೊಂಡು ಶಾಲೆ ಕೇಳಿದಾಗ ತೋರಿಸಲು ಕೋರಬೇಕು. ಆ ಮಗುವನ್ನು ನೇರವಾಗಿ ಕೇಳಿ ಸಾಕ್ಷಿ ಮಾಡುವುದು ನ್ಯಾಯವಲ್ಲ.

ಮುಟ್ಟಬಾರದ ಒಂದು ಬಗೆಯ ಚಿತ್ರ

ಮಗುವಿನ ನಗ್ನ ಅಥವಾ ಲೈಂಗಿಕ ಚಿತ್ರ, ಮುಖ ಜೋಡಿಸಿ ಮಾಡಿದ ಅಂಥ ಚಿತ್ರ ಅಥವಾ ವಿಡಿಯೊ ಗುಂಪಿನಲ್ಲಿದ್ದರೆ ಮೇಲೆ ಹೇಳಿದ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಅದರ ಸ್ಕ್ರೀನ್‌ಶಾಟ್ ತೆಗೆಯಬಾರದು, ಮುದ್ರಿಸಬಾರದು, ಶಾಲೆಗಾಗಲೀ ಬಂಧುಗಳಿಗಾಗಲೀ ಕಳುಹಿಸಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಇಂಥ ಚಿತ್ರದ ರವಾನೆಯನ್ನಷ್ಟೇ ಅಲ್ಲ, ಸಂಗ್ರಹವನ್ನೂ ಅಪರಾಧವೆಂದು ಹೇಳುತ್ತದೆ. ಫೋನನ್ನು ಹಾಗೆಯೇ ಇಟ್ಟು, ಯಾವ ಗುಂಪು, ಯಾವ ಸಂಖ್ಯೆ, ಯಾವ ಸಮಯ, ಚಿತ್ರದಲ್ಲಿ ಏನಿದೆ ಎಂಬುದನ್ನು ಮಾತುಗಳಲ್ಲಿ ಮಾತ್ರ ಬರೆದುಕೊಂಡು, ಪೊಲೀಸ್ ಠಾಣೆಗೆ ಹೋಗಬೇಕು, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. `cybercrime.gov.in` ತಾಣದಲ್ಲಿಯೂ ದೂರು ದಾಖಲಿಸಬಹುದು. ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸುವಾಗಲೂ ಚಿತ್ರವನ್ನು ತೋರಿಸುವ ಅಗತ್ಯವಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಅಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ವರದಿ ಮಾಡಬೇಕು. ಮಾಡದಿದ್ದರೆ 21ನೆಯ ಕಲಮಿನಲ್ಲಿ ಶಿಕ್ಷೆಯಿದೆ. ‘ಶಾಲೆಯೊಳಗೇ ಮುಗಿಸೋಣ’ ಎಂದು ಯಾರಾದರೂ ಹೇಳಿದರೆ, ಹಾಗೆ ಮುಗಿಸುವ ಅಧಿಕಾರ ಶಾಲೆಗೂ ಇಲ್ಲ, ಪೋಷಕರಿಗೂ ಇಲ್ಲ.

ಶಾಲೆಗೆ ಕೊಡುವ ಕಾಗದ

ನಮ್ಮ ಉದಾಹರಣೆಯ ತಾಯಿ ಶನಿವಾರ, ಭಾನುವಾರ ಪ್ರತಿಗಳನ್ನು ಸಿದ್ಧಪಡಿಸಿಕೊಂಡು, ಸೋಮವಾರ ಆಗಸ್ಟ್ 18ರಂದು ಶಾಲೆಗೆ ಹೋಗುತ್ತಾರೆ. ಕೈಯಲ್ಲಿ ನೂರು ಸ್ಕ್ರೀನ್‌ಶಾಟ್‌ಗಳಿದ್ದರೂ ಮೇಜಿನ ಮೇಲೆ ಮೊದಲು ಇಡಬೇಕಾದದ್ದು ಒಂದು ಪುಟದ ಪತ್ರ. ಅದರೊಳಗೆ ದಿನಾಂಕವಾರು ವಿವರ ಇರಬೇಕು, ಪ್ರತಿ ಸಂಗತಿಯ ಮುಂದೆ ಅದಕ್ಕೆ ಸಂಬಂಧಿಸಿದ ಲಗತ್ತಿನ ಸಂಖ್ಯೆ ಇರಬೇಕು. ಮುಖ್ಯೋಪಾಧ್ಯಾಯರು ಆ ಒಂದು ಪುಟವನ್ನು ಪೂರ್ತಿ ಓದುತ್ತಾರೆ, ನೂರು ಚಿತ್ರಗಳನ್ನು ಓದುವುದಿಲ್ಲ.

ನಮ್ಮ ತಾಯಿಯ ವಿವರ ಸರಿಸುಮಾರು ಹೀಗಿರುತ್ತದೆ. ‘ಆಗಸ್ಟ್ 11, ಮಧ್ಯಾಹ್ನ: ಶಾಲೆಯ ಮೈದಾನದಲ್ಲಿ ಅಭ್ಯಾಸದ ವೇಳೆ ಮಗಳು ಬಿದ್ದಾಗ ಫೋಟೊ ತೆಗೆಯಲಾಗಿದೆ. ರಾತ್ರಿ 8:52: ಅದೇ ಫೋಟೊದ ಸ್ಟಿಕ್ಕರ್ ಗುಂಪಿಗೆ ಬಂದಿದೆ, ಲಗತ್ತು 1. ಆಗಸ್ಟ್ 12: ಅಡ್ಡಹೆಸರಿನ ಬಳಕೆ, ಲಗತ್ತು 2 ಮತ್ತು 3. ಅದೇ ದಿನ ರಾತ್ರಿ 9:15ಕ್ಕೆ ನನ್ನ ಮಗಳು ಒಂದು ಬೈಗುಳ ಬರೆದಿದ್ದಾಳೆ, ಲಗತ್ತು 4. ಆಗಸ್ಟ್ 13, ಎರಡನೆಯ ಅವಧಿಗೆ ಮೊದಲು: ಅಡ್ಡಹೆಸರು ಕಪ್ಪುಹಲಗೆಯ ಮೇಲಿತ್ತು ಎಂದು ಮಗಳು ತಿಳಿಸಿದ್ದಾಳೆ. ಆಗಸ್ಟ್ 14, ರಾತ್ರಿ 9:47: ಬೆದರಿಕೆ, ಈಗ ಅಳಿಸಲಾಗಿದೆ, ಉಲ್ಲೇಖವಾಗಿ ಉಳಿದಿರುವುದು ಲಗತ್ತು 5. ಆಗಸ್ಟ್ 15: ಮಗಳು ಶಾಲೆಗೆ ಬಂದಿಲ್ಲ.’

ಇದರಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಮಗಳ ಬೈಗುಳವನ್ನು ತಾಯಿ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟಿದ್ದರೆ ಅದನ್ನು ಎದುರಿನ ಪೋಷಕರು ಮರುದಿನ ತಂದು ತೋರಿಸುತ್ತಿದ್ದರು, ಅಲ್ಲಿಂದ ಮುಂದೆ ಚರ್ಚೆಯೆಲ್ಲ ಆ ಒಂದು ಸಾಲಿನ ಸುತ್ತಲೇ ನಡೆಯುತ್ತಿತ್ತು. ತಾವೇ ಮೊದಲು ಇಟ್ಟಾಗ ಅದು ಸ್ಟಿಕ್ಕರ್ ಬಂದು ಒಂದು ದಿನವಾದ ಮೇಲೆ ಬಂದ ಮಾತು ಎಂಬ ಕ್ರಮವೂ ಸ್ಪಷ್ಟವಾಗುತ್ತದೆ. ಎರಡನೆಯದು, ಶಾಲೆಯೊಂದಿಗಿನ ಸಂಬಂಧ. ‘ಮನೆಯಲ್ಲಿ ಫೋನಿನಲ್ಲಿ ನಡೆದದ್ದಕ್ಕೆ ನಾವೇನು ಮಾಡುವುದು’ ಎಂದು ಶಾಲೆ ಹೇಳಬಹುದಾದ ಕಡೆ, ಫೋಟೊ ತೆಗೆದದ್ದು ಶಾಲೆಯ ಸಮಯದಲ್ಲಿ ಶಾಲೆಯ ಮೈದಾನದಲ್ಲಿ, ಅಡ್ಡಹೆಸರು ಬಂದದ್ದು ತರಗತಿಯ ಹಲಗೆಗೆ, ಗೈರುಹಾಜರಿ ದಾಖಲಾದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಎಂಬ ಮೂರು ಸಂಗತಿಗಳು ಉತ್ತರ ಕೊಡುತ್ತವೆ. ಇವು ಯಾವುದೂ ಚಾಟ್‌ನಲ್ಲಿ ಇಲ್ಲ. ಆದ್ದರಿಂದ ಚಾಟ್‌ನಾಚೆ ಏನು ನಡೆಯಿತು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಬೇಕು, ಮತ್ತು ತಾಯಿ ಕಣ್ಣಾರೆ ಕಂಡದ್ದನ್ನೂ ಮಗು ಹೇಳಿದ್ದನ್ನೂ ಬೇರೆಬೇರೆಯಾಗಿಯೇ ನಮೂದಿಸಬೇಕು.

ಯಾರು ಬರೆದರು ಎಂಬ ಬಗ್ಗೆ ಪತ್ರ ಎಚ್ಚರದಿಂದಿರಬೇಕು. ನಮ್ಮಲ್ಲಿ ಎಷ್ಟೋ ಮಕ್ಕಳು ಬಳಸುವುದು ಅಪ್ಪನ ಅಥವಾ ಅಮ್ಮನ ಸಂಖ್ಯೆಯನ್ನು, ಒಂದೇ ಫೋನನ್ನು ಅಣ್ಣ ತಂಗಿ ಇಬ್ಬರೂ ಬಳಸುವುದುಂಟು. ಆದ್ದರಿಂದ ‘ಇಂಥ ಹುಡುಗ ಬರೆದಿದ್ದಾನೆ’ ಎನ್ನುವ ಬದಲು ‘ಇಂಥ ಸಂಖ್ಯೆಯಿಂದ ಬಂದಿದೆ, ಆ ಸಂಖ್ಯೆಯನ್ನು ಬಳಸುವವನು ಇಂಥ ವಿದ್ಯಾರ್ಥಿಯೆಂದು ಮಗಳು ಹೇಳುತ್ತಾಳೆ’ ಎಂದು ಬರೆಯುವುದು ಸರಿ. ಬೈದವನು ಅವನ ಅಣ್ಣನೆಂದು ನಾಳೆ ತಿಳಿದರೂ ನಿಮ್ಮ ಪತ್ರ ಸುಳ್ಳಾಗುವುದಿಲ್ಲ. ಶಾಲೆಯ ದಾಖಲೆಯಲ್ಲಿ ಪೋಷಕರ ಸಂಖ್ಯೆಗಳಿರುವುದರಿಂದ ಹೊಂದಿಸಿ ನೋಡುವ ಕೆಲಸ ಅವರಿಗೆ ಸುಲಭ. ಆ ಮನೆಗೆ ನೀವೇ ಕರೆ ಮಾಡುವುದು ಮಾತ್ರ ಬೇಡ.

ಪತ್ರದ ಕೊನೆಯಲ್ಲಿ ಕೋರಿಕೆ ನಿರ್ದಿಷ್ಟವಾಗಿರಲಿ. ‘ಕಠಿಣ ಕ್ರಮ ಕೈಗೊಳ್ಳಿ’ ಎಂಬ ಮಾತಿನಿಂದ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆ ಸ್ಟಿಕ್ಕರನ್ನು ಬಳಸುವುದು ನಿಲ್ಲಬೇಕು, ಸಂಬಂಧಿಸಿದ ಪೋಷಕರನ್ನು ಶಾಲೆಯೇ ಕರೆಸಬೇಕು, ಮಗಳನ್ನೂ ಆ ಹುಡುಗನನ್ನೂ ಎದುರುಬದುರು ನಿಲ್ಲಿಸಿ ವಿಚಾರಿಸಬಾರದು, ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇದ್ದರೆ ವಿಷಯ ಅದರ ಮುಂದೆ ಹೋಗಬೇಕು, ಇಂಥ ದಿನಾಂಕದೊಳಗೆ ಲಿಖಿತ ಉತ್ತರ ಬೇಕು ಎಂದು ಬರೆದರೆ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ನಂತರ ನೋಡಬಹುದು.

ಪತ್ರದ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಶಾಲೆಯ ಮೊಹರು, ಸಹಿ ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಕೊಡಲು ಹಿಂಜರಿದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿಯೂ ಶಾಲೆಯ ಇಮೇಲ್‌ಗೂ ಕಳುಹಿಸಿ. ಮುದ್ರಿತ ಲಗತ್ತುಗಳನ್ನು ಕೊಡಬಹುದು, ಫೋನನ್ನು ತೋರಿಸಬಹುದು, ಆದರೆ ಫೋನನ್ನು ಬಿಟ್ಟುಬರಬಾರದು. ಮಾತುಕತೆ ಮುಗಿದ ಸಂಜೆಯೇ, ಯಾರಿದ್ದರು, ಏನು ಒಪ್ಪಿಕೊಂಡರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕಳುಹಿಸಿದರೆ, ಬಾಯಿಮಾತಿನ ಭರವಸೆಯೂ ದಾಖಲೆಯಾಗುತ್ತದೆ. ಕೊಟ್ಟ ದಿನಾಂಕ ಕಳೆದರೂ ಉತ್ತರ ಬಾರದಿದ್ದರೆ, ಸ್ವೀಕೃತಿಯ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ನಂತರ ಜಿಲ್ಲೆಯ ಉಪನಿರ್ದೇಶಕರಿಗೆ ಬರೆಯಬಹುದು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಸಲ್ಲಿಸಬಹುದು. ಜೀವಬೆದರಿಕೆ, ಹಣದ ಬೇಡಿಕೆ ಅಥವಾ ಹಲ್ಲೆಯ ಮಾತು ಬಂದಿದ್ದರೆ ಈ ಮೆಟ್ಟಿಲುಗಳಿಗಾಗಿ ಕಾಯದೆ ಪೊಲೀಸರಿಗೆ ತಿಳಿಸಬೇಕು.

ಇತರ ಪೋಷಕರ ಗುಂಪಿನಲ್ಲಿ ಈ ಸ್ಕ್ರೀನ್‌ಶಾಟ್‌ಗಳನ್ನು ಹಾಕುವ ಆಸೆಯನ್ನು ತಡೆದುಕೊಳ್ಳಬೇಕು. ಹಾಕಿದ ಕ್ಷಣದಿಂದ ಆ ಸ್ಟಿಕ್ಕರನ್ನು ಮೊದಲು ನೋಡಿರದ ನಲವತ್ತು ಮನೆಗಳಿಗೆ ತಾಯಿಯೇ ಹಂಚಿದಂತಾಗುತ್ತದೆ, ಮತ್ತು ಎದುರಿನ ಮಗುವಿನ ಹೆಸರು ಸಂಖ್ಯೆ ಬಹಿರಂಗವಾದದ್ದಕ್ಕೆ ಅವರ ಪೋಷಕರು ನಿಮ್ಮ ಮೇಲೆಯೇ ದೂರು ಹೇಳಲು ಕಾರಣ ಸಿಗುತ್ತದೆ.

ಎಲ್ಲ ಕಡತಗಳನ್ನೂ ಮಗು ಆ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯುವವರೆಗಾದರೂ ಇಟ್ಟುಕೊಳ್ಳಿ, ಏಕೆಂದರೆ ಹೊಸ ವರ್ಷ, ಹೊಸ ಸೆಕ್ಷನ್, ಹೊಸ ಗುಂಪಿನಲ್ಲಿ ಅದೇ ಸ್ಟಿಕ್ಕರ್ ಮರಳಿ ಬರುವುದು ಅಪರೂಪವಲ್ಲ. ಈ ನಡುವೆ ಹಬ್ಬದ ರಿಯಾಯಿತಿಯಲ್ಲಿ ಹೊಸ ಫೋನು ಕೊಳ್ಳುವುದಾದರೆ ಹಳೆಯದನ್ನು ವಿನಿಮಯಕ್ಕೆ ಕೊಡಬೇಡಿ. ಅದನ್ನು ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ಸ್ವೀಕೃತಿಯಿರುವ ಅದೇ ಕಡತದೊಂದಿಗೆ ಬೀರುವಿನಲ್ಲಿಡಿ.